ಬ್ಯಾಂಕಿನಲ್ಲಿ ಹೊಸ ಸಾಫ್ಟ್‌ವೇರ್ ಬರುವಾಗ ಕ್ಲರ್ಕ್‌ಗಳ ತಯಾರಿ ಅಳೆಯುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಆಡ್‌ಕಾರ್ ಅಂದ್ರೆ ಏನು? ಕೌಂಟರ್ ಕೆಲಸಕ್ಕೂ ಅದಕ್ಕೂ ಏನು ಸಂಬಂಧ?

ಒಬ್ಬ ಮನುಷ್ಯ ಹೊಸ ಕೆಲಸದ ರೀತಿಗೆ ಎಷ್ಟು ತಯಾರಾಗಿದ್ದಾನೆ ಅಂತ ನೋಡುವ ಒಂದು ಸರಳ ಅಳತೆ ಇದು. ಪ್ರೊಸೈ ಅನ್ನೋ ಅಮೆರಿಕದ ಸಂಸ್ಥೆ ಕಟ್ಟಿದ ಜೆಫ್ ಹಯಾಟ್ ಇದನ್ನು ರೂಪಿಸಿದ್ದು. ಇದರಲ್ಲಿ ಐದು ಮೆಟ್ಟಿಲು. ಬದಲಾವಣೆ ಯಾಕೆ ಅನ್ನೋ ಅರಿವು, ಅದರಲ್ಲಿ ಸೇರಿಕೊಳ್ಳುವ ಮನಸ್ಸು, ಹೇಗೆ ಮಾಡಬೇಕು ಅನ್ನೋ ತಿಳಿವಳಿಕೆ, ನಿಜವಾಗಿ ಮಾಡಬಲ್ಲ ಸಾಮರ್ಥ್ಯ, ಕೊನೆಗೆ ಹಳೆಯದಕ್ಕೆ ಜಾರದಂತೆ ಹಿಡಿದಿಡುವ ಬಲವರ್ಧನೆ.

ಬ್ಯಾಂಕಿನಲ್ಲಿ ಇದು ಯಾಕೆ ಉಪಯೋಗಕ್ಕೆ ಬರುತ್ತದೆ ಅಂದ್ರೆ, ಅಲ್ಲಿ ಸಾಫ್ಟ್‌ವೇರ್ ಬದಲಾದಾಗ ಎಲ್ಲ ತೊಂದರೆಗೂ ಒಂದೇ ಔಷಧಿ ಕೊಡುತ್ತಾರೆ: ಇನ್ನೊಂದು ಟ್ರೈನಿಂಗ್. ಟ್ರೈನಿಂಗ್ ಮೂರನೇ ಮೆಟ್ಟಿಲಿಗೆ ಮಾತ್ರ ಮದ್ದು. ತೊಂದರೆ ಎರಡನೆಯದರಲ್ಲೋ ನಾಲ್ಕನೆಯದರಲ್ಲೋ ಇದ್ದರೆ ಎಷ್ಟು ಕ್ಲಾಸ್ ಮಾಡಿದರೂ ಕ್ಯೂ ಮುಂದೆ ಹೋಗಲ್ಲ.

ಇಲ್ಲಿ ಯಾವ ತರಹದ ಬದಲಾವಣೆ ಮನಸ್ಸಿನಲ್ಲಿಟ್ಟುಕೊಂಡು ಹೇಳುತ್ತಿದ್ದೀರಿ?

ಕರ್ನಾಟಕದ ಬ್ಯಾಂಕ್ ನೌಕರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐಗೆ ಸೇರಿತು. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾಕ್ಕೆ ಹೋಯಿತು. ಮುಂದಿನ ವರ್ಷ ಅದೇ ದಿನ ಸಿಂಡಿಕೇಟ್ ಬ್ಯಾಂಕ್ ಕೆನರಾಕ್ಕೆ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ ಸೇರಿದವು. 2025ರ ಮೇ 1ರಂದು ರಾಜ್ಯದ ಎರಡು ಗ್ರಾಮೀಣ ಬ್ಯಾಂಕುಗಳು ಒಂದಾದವು. ವಿಲೀನ ಕಾಗದದಲ್ಲಿ ಒಂದು ದಿನ ಆಗುತ್ತದೆ. ಶಾಖೆಗಳ ಕಂಪ್ಯೂಟರ್ ಲೆಕ್ಕ ಒಂದಾಗುವುದು ಆಮೇಲೆ, ಕಂತುಕಂತಾಗಿ.

ಈ ಪುಟದಲ್ಲಿ ಇನ್ನೂ ಸಣ್ಣ ಉದಾಹರಣೆ ಹಿಡಿದಿದ್ದೇನೆ: ಒಂದೇ ಬ್ಯಾಂಕ್, ಬೆಂಗಳೂರಿನ ಇನ್ಫೋಸಿಸ್‌ನಿಂದ ಬಂದ ಫಿನಾಕಲ್ ಅನ್ನೋ ಬ್ಯಾಂಕಿಂಗ್ ಸಾಫ್ಟ್‌ವೇರ್‌ನ 7ನೇ ಆವೃತ್ತಿಯಿಂದ 10ಕ್ಕೆ ಹೋಗುವುದು. ಹೊರಗಿನವರಿಗೆ ಇದು ಬರೀ ಅಪ್‌ಡೇಟ್ ಅನಿಸುತ್ತದೆ. ಕ್ಲರ್ಕ್‌ಗೆ ಹಾಗಲ್ಲ. ವ್ಯವಹಾರದ ಎಂಟ್ರಿ ಹಾಕಲು ಹತ್ತು ವರ್ಷ `TM` ಅಂತ ಟೈಪ್ ಮಾಡಿದ ಬೆರಳು ಈಗ `HTM` ಅಂತ ಮಾಡಬೇಕು. ಖಾತೆಯ ಲೆಡ್ಜರ್ ನೋಡಲು `ACLI` ಇದ್ದದ್ದು `HACLI` ಆಗುತ್ತದೆ. ಮೆನು ಹೆಸರಿನ ಮುಂದೆ ಒಂದು ಅಕ್ಷರ ಸೇರಿತು, ಅಷ್ಟೇ ಅಲ್ವಾ ಅನ್ನಬಹುದು. ಆದರೆ ಸ್ಕ್ರೀನಿನ ಜೋಡಣೆಯೂ ಬದಲಾಗಿರುತ್ತದೆ, ಕೀಬೋರ್ಡಿನಲ್ಲಿ ಕಣ್ಣುಮುಚ್ಚಿ ಮಾಡುತ್ತಿದ್ದ ಕೆಲಸಕ್ಕೆ ಈಗ ಕಣ್ಣು ಬಿಟ್ಟು ಹುಡುಕಬೇಕು. ಎದುರಿಗೆ ಪಿಂಚಣಿ ತೆಗೆಯಲು ಬಂದವರು ನಿಂತಿರುತ್ತಾರೆ.

ಅಂಕ ಹೇಗೆ ಕೊಡುತ್ತಾರೆ?

ಪ್ರತಿ ಮೆಟ್ಟಿಲಿಗೂ 1ರಿಂದ 5. ಐದು ಅಂದ್ರೆ ಪೂರ್ತಿ ಗಟ್ಟಿ. ಎಡದಿಂದ ಬಲಕ್ಕೆ ಓದುತ್ತಾ ಹೋಗಿ, ಮೊದಲು ಎಲ್ಲಿ 3 ಅಥವಾ ಅದಕ್ಕಿಂತ ಕಡಿಮೆ ಸಿಗುತ್ತದೋ ಅದೇ ಆ ವ್ಯಕ್ತಿಯ ತಡೆ. ಅಲ್ಲೇ ಕೆಲಸ ಶುರು. ಮುಂದಿನ ಮೆಟ್ಟಿಲುಗಳಲ್ಲೂ ಕಡಿಮೆ ಅಂಕ ಇರಬಹುದು, ಆದರೆ ಮೊದಲಿನ ತಡೆ ತೆಗೆಯದೆ ಅವುಗಳಿಗೆ ಕೈ ಹಾಕಿದರೆ ಶ್ರಮ ದಂಡ.

ಐದೂ ಅಂಕ ಕೂಡಿ ಸರಾಸರಿ ತೆಗೆದರೆ ಸುಲಭ ಅಲ್ವಾ? ಪ್ರಾದೇಶಿಕ ಕಚೇರಿಗೆ ಒಂದೇ ಸಂಖ್ಯೆ ಕಳಿಸಬಹುದು.

ಕಳಿಸಬಹುದು, ಆದರೆ ಆ ಸಂಖ್ಯೆಯಿಂದ ಯಾರೂ ಏನೂ ಮಾಡಲಾಗಲ್ಲ. ಅರಿವು 5, ಮನಸ್ಸು 1, ತಿಳಿವಳಿಕೆ 5 ಇರುವವರ ಸರಾಸರಿಯೂ, ಮೂರರಲ್ಲೂ ಸುಮಾರು 4 ಇರುವವರ ಸರಾಸರಿಯೂ ಹತ್ತಿರ ಹತ್ತಿರ ಬರುತ್ತದೆ. ಒಬ್ಬರು ಬದಲಾವಣೆಗೆ ಬೆನ್ನು ಹಾಕಿ ಕೂತಿದ್ದಾರೆ, ಇನ್ನೊಬ್ಬರು ಹೆಚ್ಚು ಕಡಿಮೆ ತಯಾರು. ಇಡೀ ಶಾಖೆಯ ಸರಾಸರಿ ಅಂತೂ ಇನ್ನೂ ಮೋಸ. ಶಾಖೆಗೆ ಒಂದು ಸಂಖ್ಯೆ ಬೇಕೇ ಬೇಕು ಅಂದ್ರೆ ಯಾವ ಮೆಟ್ಟಿಲಿನಲ್ಲಿ ಎಷ್ಟು ಜನ ನಿಂತಿದ್ದಾರೆ ಅಂತ ಎಣಿಸಿ ಕಳಿಸಿ.

ಅರಿವು ಇದೆಯಾ ಅಂತ ತಿಳಿಯುವುದು ಹೇಗೆ? ಎಲ್ಲರೂ "ಹೌದು, ಸರ್ಕ್ಯುಲರ್ ಓದಿದ್ದೇನೆ" ಅಂತಾರೆ.

ಸರ್ಕ್ಯುಲರ್‌ಗೆ ಸಹಿ ಹಾಕಿದ್ದು ಅರಿವಲ್ಲ. "ಸಾಫ್ಟ್‌ವೇರ್ ಬದಲಾಗುವುದು ಗೊತ್ತಾ?" ಅಂತ ಕೇಳಬೇಡಿ. ಹೀಗೆ ಕೇಳಿ: "ಹಳೆಯದನ್ನೇ ಇಟ್ಟುಕೊಂಡರೆ ನಮ್ಮ ಶಾಖೆಗೆ ಏನು ತೊಂದರೆ ಆಗುತ್ತಿತ್ತು?" "ಬದಲಾಗುವ ವಾರ ನಿಮ್ಮ ಟೇಬಲ್‌ನಲ್ಲಿ ಯಾವ ಕೆಲಸ ಮುಗಿದಿರಬೇಕು?" ಎರಡನೇ ಪ್ರಶ್ನೆಗೆ ಉತ್ತರ ಬಂದರೆ 4 ಕೊಡಬಹುದು. "ಅದೆಲ್ಲ ಮೇಲಿನವರು ನೋಡ್ಕೋತಾರೆ" ಅಂದ್ರೆ 2.

ಅರಿವು ಕಡಿಮೆ ಇದ್ದರೆ ನಷ್ಟ ಎಲ್ಲಿ ಕಾಣುತ್ತದೆ ಅಂದ್ರೆ, ಡೇಟಾದಲ್ಲಿ. ಹಳೆ ವ್ಯವಸ್ಥೆಯಲ್ಲಿ ಸ್ಕ್ಯಾನ್ ಆಗದೆ ಉಳಿದ ಸಹಿ, ಪಾಸ್ ಆಗದೆ ನಿಂತ ಎಂಟ್ರಿ, ಎಲ್ಲಿಗೆ ಸೇರಬೇಕು ಅಂತ ತೀರ್ಮಾನ ಆಗದೆ ಸಸ್ಪೆನ್ಸ್ ಖಾತೆಯಲ್ಲಿ ಮಲಗಿರುವ ಹಣ, ಇವನ್ನೆಲ್ಲ ಮೊದಲೇ ಸರಿಮಾಡದಿದ್ದರೆ ಕಸವೂ ಜೊತೆಗೇ ಹೊಸ ಮನೆಗೆ ಬರುತ್ತದೆ. ಯಾಕೆ ಮಾಡಬೇಕು ಅಂತ ಗೊತ್ತಿಲ್ಲದವರು ಈ ಕೆಲಸವನ್ನು ನಾಳೆಗೆ ತಳ್ಳುತ್ತಾರೆ.

"ನನಗೆ ಮನಸ್ಸಿಲ್ಲ" ಅಂತ ಯಾರೂ ಬರೆದುಕೊಡಲ್ಲ. ಎರಡನೇ ಮೆಟ್ಟಿಲು ಅಳೆಯುವುದು ಹೇಗೆ?

ಇದೇ ಕಷ್ಟದ ಮೆಟ್ಟಿಲು. ಫಾರ್ಮ್ ಕೊಟ್ಟರೆ ಎಲ್ಲರೂ 4, 5 ತುಂಬಿಕೊಡುತ್ತಾರೆ. ಮ್ಯಾನೇಜರ್ ಕೈಗೆ ಹೋಗುವ ಕಾಗದದಲ್ಲಿ ಯಾರು ತಾನೇ 1 ಬರೆಯುತ್ತಾರೆ?

ಹಾಗಾಗಿ ಮಾತು ಬೇಕು, ಅದೂ ಒಬ್ಬೊಬ್ಬರ ಜೊತೆ, ಕ್ಯಾಬಿನ್‌ನ ಹೊರಗೆ. "ಹೊಸದು ಬಂದ ಮೊದಲ ಸೋಮವಾರ ನಿಮಗೆ ಯಾವುದು ತಲೆನೋವು ಅನಿಸುತ್ತಿದೆ?" ಅಂತ ಕೇಳಿದರೆ ನಿಜವಾದ ವಿಷಯ ಹೊರಗೆ ಬರುತ್ತದೆ. ಬರುವ ಉತ್ತರಗಳು ಸಾಫ್ಟ್‌ವೇರ್ ಬಗ್ಗೆ ಇರುವುದೇ ಕಡಿಮೆ. "ನಿಧಾನ ಆದರೆ ಗ್ರಾಹಕರು ಬೈಯ್ತಾರೆ." "ಈ ಸೀಟ್ ಬಿಡಿಸ್ತಾರೇನೋ." "ಎಲ್ಲ ಆನ್‌ಲೈನ್ ಆದರೆ ನಮ್ಮನ್ನು ಬೇರೆ ಊರಿಗೆ ಹಾಕ್ತಾರೆ." ನಗದು ಕೌಂಟರಿನವರು ಇನ್ನೊಂದು ಹೇಳುತ್ತಾರೆ, ಅದು ಕಡೆಗಣಿಸುವಂಥದ್ದಲ್ಲ: ಸಂಜೆ ಕ್ಯಾಶ್ ಕಡಿಮೆ ಬಿದ್ದರೆ ಕ್ಯಾಷಿಯರೇ ತುಂಬಿಕೊಡಬೇಕು. ಪರಿಚಯ ಇಲ್ಲದ ಸ್ಕ್ರೀನಿನಲ್ಲಿ ನೋಟಿನ ವಿವರ ತಪ್ಪಾಗಿ ತುಂಬಿದರೆ ಸಂಜೆ ಲೆಕ್ಕ ಕೂಡಲ್ಲ, ಎಲ್ಲಿ ತಪ್ಪಿತು ಅಂತ ಹುಡುಕಲೂ ಗೊತ್ತಾಗಲ್ಲ. ಇಲ್ಲಿ ಮನಸ್ಸಿಲ್ಲ ಅನ್ನುವುದಕ್ಕಿಂತ ಜೇಬಿನ ಭಯ ಇದೆ ಅನ್ನುವುದೇ ಸರಿ.

ಮಾತಿನ ಜೊತೆ ನಡತೆಯನ್ನೂ ನೋಡಿ. ನಿಜವಾದ ಖಾತೆ ಮುಟ್ಟದೆ ಕಲಿಯಲು ಇಟ್ಟಿರುವ ಪ್ರಾಕ್ಟೀಸ್ ಸರ್ವರ್‌ಗೆ ಯಾರೂ ಹೇಳದೆಯೇ ಲಾಗಿನ್ ಆದವರಿಗೆ 4. ಹೇಳಿದ ಮೇಲೆ ಆದವರಿಗೆ 3. ಪ್ರತಿ ಸಲ ಏನಾದರೂ ಕಾರಣ ಸಿಗುವವರಿಗೆ 2. ಈ ಲಾಗಿನ್ ಲೆಕ್ಕ ತರಿಸಿಕೊಳ್ಳಬಹುದು, ಫಾರ್ಮಿಗಿಂತ ನಂಬಿಕೆಗೆ ಅರ್ಹ.

ತಿಳಿವಳಿಕೆ ಮತ್ತು ಸಾಮರ್ಥ್ಯ ಒಂದೇ ಅಲ್ವಾ? ಗೊತ್ತಿದ್ದರೆ ಮಾಡಬಹುದಲ್ಲ?

ಅಲ್ಲ. ಇಡೀ ಅಳತೆಯಲ್ಲಿ ಎಲ್ಲರೂ ಎಡವುವುದು ಇಲ್ಲಿ. ಕ್ಲಾಸಿನ ಕೊನೆಗೆ ನಡೆಸುವ ಹತ್ತು ಪ್ರಶ್ನೆಗಳ ಪರೀಕ್ಷೆ ತಿಳಿವಳಿಕೆಯನ್ನು ಅಳೆಯುತ್ತದೆ. ಸಾಮರ್ಥ್ಯ ಅಳೆಯಲು ಕೂರಿಸಿ ಮಾಡಿಸಬೇಕು.

ನಾನು ಮಾಡಿಸುವುದು ನಾಲ್ಕೇ ಕೆಲಸ, ಪ್ರಾಕ್ಟೀಸ್ ಸರ್ವರ್‌ನಲ್ಲಿ. ಒಂದು, ನೋಟಿನ ವಿವರ ಸಮೇತ ನಗದು ಜಮೆ. ಎರಡು, ಗ್ರಾಹಕರು "ಪಿಂಚಣಿ ಬಂದಿದೆಯಾ ನೋಡಿ" ಅಂದಾಗ ಖಾತೆ ತೆರೆದು ನೋಡಿ ಹೇಳುವುದು. ಮೂರು, ಅವಧಿಗೆ ಮುಂಚೆ ಎಫ್‌ಡಿ ಮುರಿಯುವುದು. ನಾಲ್ಕನೆಯದೇ ಮುಖ್ಯ: ತಪ್ಪು ಖಾತೆಗೆ ಹಾಕಿದ ಎಂಟ್ರಿಯನ್ನು ಸರಿಪಡಿಸುವುದು.

ನಾಲ್ಕನೆಯದು ಯಾಕೆ ಮುಖ್ಯ ಅಂದ್ರೆ, ಫಿನಾಕಲ್‌ನಲ್ಲಿ ಒಂದು ವ್ಯವಹಾರ ಮೂರು ಹಂತ ದಾಟುತ್ತದೆ. ಮೊದಲು ಎಂಟರ್ ಆಗುತ್ತದೆ, ಆಮೇಲೆ ಪೋಸ್ಟ್ ಆಗುತ್ತದೆ, ಕೊನೆಗೆ ಬೇರೆಯವರು ವೆರಿಫೈ ಮಾಡುತ್ತಾರೆ. ಬರೀ ಎಂಟರ್ ಆಗಿದ್ದರೆ ಅಳಿಸಿಬಿಡಬಹುದು, ಖಾತೆಗೆ ಏನೂ ಆಗಿರುವುದಿಲ್ಲ. ಪೋಸ್ಟ್ ಆಗಿಬಿಟ್ಟರೆ ಅಳಿಸುವ ಮಾತಿಲ್ಲ, ಉಲ್ಟಾ ಎಂಟ್ರಿ ಹಾಕಬೇಕು, ಅಧಿಕಾರಿಗೆ ಹೇಳಬೇಕು. ಗಾಬರಿಯಾದ ಕ್ಲರ್ಕ್ ಈ ಹಂತ ನೋಡದೆ ಹೊಸದಾಗಿ ಸರಿಯಾದ ಎಂಟ್ರಿ ಹಾಕುತ್ತಾರೆ, ತಪ್ಪಿನದು ಹಾಗೇ ಉಳಿಯುತ್ತದೆ. ಅದು ಎಂಟರ್ ಹಂತದಲ್ಲೇ ನಿಂತಿದ್ದರೆ ಸಂಜೆ ದಿನದ ಮುಕ್ತಾಯಕ್ಕೆ ಅಡ್ಡ ಬರುತ್ತದೆ. ಪೋಸ್ಟ್ ಆಗಿದ್ದರೆ ಯಾರದೋ ಖಾತೆಯಲ್ಲಿ ಬೇರೆಯವರ ಹಣ ಕೂತಿರುತ್ತದೆ. ಇದನ್ನು ಪರೀಕ್ಷೆಯಲ್ಲಿ ಬರೆದವರೂ ಕೈಯಲ್ಲಿ ಮಾಡುವಾಗ ತಡವರಿಸುತ್ತಾರೆ.

ಅಂಕ ಹೀಗೆ: ನಾಲ್ಕನ್ನೂ ಯಾರನ್ನೂ ಕೇಳದೆ ಮಾಡಿದರೆ 5. ಚೀಟಿ ನೋಡಿಕೊಂಡು ಮಾಡಿದರೆ 4. ಒಂದು ಸಲ ಪಕ್ಕದವರನ್ನು ಕೇಳಿದರೆ 3. ತಪ್ಪು ಸರಿಪಡಿಸುವುದು ಬರಲೇ ಇಲ್ಲ ಅಂದ್ರೆ, ಉಳಿದ ಮೂರು ಎಷ್ಟೇ ಚೆನ್ನಾಗಿದ್ದರೂ 2ರ ಮೇಲೆ ಕೊಡಲ್ಲ. ಇದು ನನ್ನ ಲೆಕ್ಕ, ನಿಮ್ಮ ಶಾಖೆಯ ಕೆಲಸ ನೋಡಿಕೊಂಡು ಬದಲಿಸಿಕೊಳ್ಳಿ. ಗಡಿಯಾರ ಹಿಡಿದು ಕೂರಬೇಡಿ. ಮೊದಲ ವಾರ ವೇಗ ಬೇಕಿಲ್ಲ.

ಒಂದು ಶಾಖೆಯ ಉದಾಹರಣೆ ಕೊಡಬಹುದಾ?

ನಾಲ್ಕು ಕ್ಲರ್ಕ್‌ಗಳಿರುವ ಒಂದು ಶಾಖೆ ಊಹಿಸಿಕೊಳ್ಳಿ. ಬದಲಾವಣೆಗೆ ಒಂದು ತಿಂಗಳು ಬಾಕಿ, ಹಾಗಾಗಿ ಬಲವರ್ಧನೆ ಕಲಂ ಇನ್ನೂ ಖಾಲಿ.

| ಯಾರು | ಅರಿವು | ಮನಸ್ಸು | ತಿಳಿವಳಿಕೆ | ಸಾಮರ್ಥ್ಯ |
|---|---|---|---|---|
| ಹಿರಿಯ ಕ್ಯಾಷಿಯರ್ | 4 | 2 | 4 | 2 |
| ಹೊಸದಾಗಿ ಸೇರಿದವರು | 2 | 4 | 4 | 4 |
| ಸಿಂಗಲ್ ವಿಂಡೋ ಕೌಂಟರ್ | 4 | 4 | 4 | 2 |
| ಕ್ಲಿಯರಿಂಗ್ ಟೇಬಲ್ | 4 | 4 | 2 | 2 |

ಮೂವರ ಸಾಮರ್ಥ್ಯ 2. ಮೇಲಿಂದ ನೋಡಿದವರು "ಮೂವರನ್ನೂ ಮತ್ತೆ ಟ್ರೈನಿಂಗ್ ಸೆಂಟರಿಗೆ ಕಳಿಸಿ" ಅಂತಾರೆ. ಎಡದಿಂದ ಓದಿದರೆ ಮೂರೂ ಬೇರೆ ಬೇರೆ ಕಥೆ.

ಹಿರಿಯ ಕ್ಯಾಷಿಯರ್‌ಗೆ ಮೆನು ಎಲ್ಲ ಗೊತ್ತು. ತಡೆ ಇರುವುದು ಮನಸ್ಸಿನಲ್ಲಿ, ಕಾರಣ ಮೇಲೆ ಹೇಳಿದ ಕ್ಯಾಶ್ ಭಯ. ಇವರನ್ನು ಮತ್ತೆ ಕ್ಲಾಸಿಗೆ ಕಳಿಸಿದರೆ "ನನಗೇ ಬರಲ್ಲ ಅಂತ ಬರೆದಿದ್ದಾರೆ" ಅಂತ ಇನ್ನೂ ದೂರ ಹೋಗುತ್ತಾರೆ. ಇವರಿಗೆ ಮಾಡಬೇಕಾದ್ದು ಬೇರೆ. ಮೊದಲ ಎರಡು ವಾರ ಮಧ್ಯಾಹ್ನ ಒಂದು ಸಲ ನಡುವೆಯೇ ನಗದು ಎಣಿಸಿ ಸ್ಕ್ರೀನಿನ ಲೆಕ್ಕಕ್ಕೆ ಹೊಂದಿಸಿ. ವ್ಯತ್ಯಾಸ ಬಂದರೆ ಅರ್ಧ ದಿನದ ಎಂಟ್ರಿ ಹುಡುಕಿದರೆ ಸಾಕು, ಇಡೀ ದಿನದ್ದಲ್ಲ. ದೊಡ್ಡ ಮೊತ್ತದ ಜಮೆಗಳನ್ನು ಕೆಲವು ದಿನ ಇನ್ನೊಂದು ಕೌಂಟರಿಗೆ ತಿರುಗಿಸಿ. ಕಡಿಮೆ ಬಿದ್ದರೆ ತುಂಬಬೇಕು ಅನ್ನೋ ನಿಯಮ ಮ್ಯಾನೇಜರ್ ಕೈಯಲ್ಲಿಲ್ಲ, ಅದನ್ನು ಮನ್ನಾ ಮಾಡ್ತೀನಿ ಅಂತ ಮಾತು ಕೊಡಬೇಡಿ. ಕೊಟ್ಟು ತಪ್ಪಿದರೆ ಆ ಮೆಟ್ಟಿಲು 1ಕ್ಕೆ ಇಳಿಯುತ್ತದೆ.

ಹೊಸದಾಗಿ ಸೇರಿದವರು ಎಲ್ಲರಿಗಿಂತ ಚುರುಕು. ಆದರೆ ಅವರ ತಡೆ ಮೊದಲ ಮೆಟ್ಟಿಲಲ್ಲೇ ಇದೆ. ಬರೀ ಸ್ಕ್ರೀನ್ ಬದಲಾಗುತ್ತದೆ ಅಂದುಕೊಂಡಿದ್ದಾರೆ, ಸಹಿ ಸ್ಕ್ಯಾನ್ ಮಾಡುವ ಬಾಕಿ ಪಟ್ಟಿ ಅವರ ಡ್ರಾಯರ್‌ನಲ್ಲೇ ಇದೆ. ಇದಕ್ಕೆ ಬೇಕಾದ್ದು ಕಾಲು ಗಂಟೆಯ ಮಾತು. "ಈ ಪಟ್ಟಿ ಮುಗಿಯದಿದ್ದರೆ ಆ ಸೋಮವಾರ ಈ ಗ್ರಾಹಕರ ಚೆಕ್ ಪಾಸ್ ಮಾಡುವಾಗ ಹೋಲಿಸಲು ಸಹಿಯೇ ಇರಲ್ಲ" ಅಂತ ಪಟ್ಟಿ ಮುಂದಿಟ್ಟು ತೋರಿಸಿದರೆ ಸಾಕು.

ಸಿಂಗಲ್ ವಿಂಡೋದವರದ್ದು ನಿಜವಾದ ಸಾಮರ್ಥ್ಯದ ತಡೆ. ಎರಡು ಸಲ ಕ್ಲಾಸಿಗೆ ಹೋಗಿ ಬಂದಿದ್ದಾರೆ, ನೋಟ್ಸ್ ಅಂದವಾಗಿದೆ, ಕೈ ಓಡಲ್ಲ. ಇವರಿಗೆ ದಿನಾ ಅರ್ಧ ಗಂಟೆ ಪ್ರಾಕ್ಟೀಸ್ ಸರ್ವರ್ ಬೇಕು, ಆ ಅರ್ಧ ಗಂಟೆ ಕೌಂಟರ್ ನೋಡಿಕೊಳ್ಳಲು ಒಬ್ಬರು ಬೇಕು. ಈ ಎರಡನೇ ಭಾಗ ಬರೆಯದ ಯೋಜನೆ ನಡೆಯಲ್ಲ. "ಬಿಡುವಿದ್ದಾಗ ಪ್ರಾಕ್ಟೀಸ್ ಮಾಡಿ" ಅಂದ್ರೆ ಪ್ರಾಕ್ಟೀಸ್ ಮಾಡಬೇಡಿ ಅಂತಲೇ ಅರ್ಥ.

ಕ್ಲಿಯರಿಂಗ್ ಟೇಬಲ್‌ನವರು ಕ್ಲಾಸಿನ ದಿನ ರಜೆಯಲ್ಲಿದ್ದರು. ಇವರೊಬ್ಬರಿಗೆ ಟ್ರೈನಿಂಗ್ ನಿಜವಾಗಿ ಬೇಕು. ಅದಾದ ಮೇಲೂ ಸಾಮರ್ಥ್ಯ 2ರಲ್ಲೇ ನಿಂತರೆ ಅವರನ್ನು ದೂರುವ ಮುಂಚೆ ಅವರ ಯೂಸರ್ ಐಡಿ ನೋಡಿ. ಹೊಸ ವ್ಯವಸ್ಥೆಯಲ್ಲಿ ಅವರ ವರ್ಕ್ ಕ್ಲಾಸ್‌ಗೆ, ಅಂದ್ರೆ ಅವರ ಐಡಿಗೆ ಕೊಟ್ಟ ಅಧಿಕಾರದ ದರ್ಜೆಗೆ, ಆ ಮೆನುವಿನ ಹಕ್ಕೇ ಕೊಟ್ಟಿರುವುದಿಲ್ಲ ಎಷ್ಟೋ ಸಲ. ಹಕ್ಕಿಲ್ಲದ ಮೆನು ಯಾರ ಕೈಯಲ್ಲೂ ತೆರೆಯಲ್ಲ.

ವಯಸ್ಸಾದವರಿಗೆ ಮೊದಲೇ ಕಡಿಮೆ ಅಂಕ ಅಂತ ಊಹಿಸಬಹುದಾ?

ಬೇಡ. ಕೈಬರಹದ ಲೆಡ್ಜರಿನಿಂದ ಕಂಪ್ಯೂಟರಿಗೆ, ಅಲ್ಲಿಂದ ಕೋರ್ ಬ್ಯಾಂಕಿಂಗಿಗೆ ಬಂದವರು ಇವರು. ವಯಸ್ಸಿಗಿಂತ ಕೂತ ಸೀಟು ಜಾಸ್ತಿ ಹೇಳುತ್ತದೆ: ಒಂದೇ ಮೆನುವಿನಲ್ಲಿ ವರ್ಷಗಟ್ಟಲೆ ಕೂತವರಿಗೆ, ಅವರು ಮೂವತ್ತರವರಾದರೂ, ಹೊಸದು ಕಷ್ಟ.

ಬಲವರ್ಧನೆಗೆ ಯಾವಾಗ ಅಂಕ ಕೊಡುವುದು?

ಬದಲಾವಣೆ ಆಗುವ ಮುಂಚೆ ಆ ಕಲಂಗೆ ಅಂಕ ಬರೆದರೆ ಅದು ಊಹೆ. ಆಗ ನೋಡಬಹುದಾದ್ದು ವ್ಯವಸ್ಥೆ ಇದೆಯಾ ಅಂತ ಮಾತ್ರ: ಮೊದಲ ದಿನಗಳಲ್ಲಿ ಪಕ್ಕದಲ್ಲಿ ನಿಲ್ಲಲು ಯಾರಿದ್ದಾರೆ, ಫೋನ್ ಮಾಡಿದರೆ ಎತ್ತುವ ಸಹಾಯವಾಣಿ ಇದೆಯಾ.

ನಿಜವಾದ ಅಂಕ ಕೊಡುವುದು ಬದಲಾಗಿ ಆರು ವಾರದ ಹೊತ್ತಿಗೆ, ಆಗ ಸಂದರ್ಶನಕ್ಕಿಂತ ಕೌಂಟರಿನ ಸುತ್ತ ಒಂದು ಸುತ್ತು ಹಾಕುವುದು ಲೇಸು. ಟೇಬಲ್ ಮೇಲೆ ನೋಟ್‌ಬುಕ್ಕಿನಲ್ಲಿ ಎಂಟ್ರಿ ಬರೆದಿಟ್ಟು ಮೂರು ಗಂಟೆ ಮೇಲೆ ಒಟ್ಟಿಗೆ ಕಂಪ್ಯೂಟರಿಗೆ ಹಾಕುತ್ತಿದ್ದಾರಾ? ಒಬ್ಬರೇ ಎಲ್ಲರ ಎಫ್‌ಡಿ ಕೆಲಸ ಮಾಡುತ್ತಿದ್ದಾರಾ? `HFTI` ಮೆನುವಿನಲ್ಲಿ ದಿನದ ವ್ಯವಹಾರಗಳನ್ನು ತೆಗೆದು, ಎಂಟರ್ ಹಂತದಲ್ಲೇ ಉಳಿದವು ಯಾರ ಐಡಿಯಿಂದ ಜಾಸ್ತಿ ಅಂತ ನೋಡಿ. ಒಬ್ಬರದೇ ಪದೇ ಪದೇ ಬಂದರೆ ಅವರಿಗೆ ಎಲ್ಲೋ ಒಂದು ಹೆಜ್ಜೆ ಇನ್ನೂ ಬಿಟ್ಟುಹೋಗುತ್ತಿದೆ.

ಒಬ್ಬರ ಐಡಿಯಲ್ಲಿ ಇನ್ನೊಬ್ಬರು ಕೆಲಸ ಮಾಡುತ್ತಿದ್ದರೆ ಅದು ಸಾಮರ್ಥ್ಯದ ತಡೆಯಾ?

ಮೊದಲು ಅದು ತಪ್ಪು, ಅದನ್ನು ನಿಲ್ಲಿಸಬೇಕು. ಎಂಟ್ರಿ ಹಾಕುವವರು ಒಬ್ಬರು, ವೆರಿಫೈ ಮಾಡುವವರು ಇನ್ನೊಬ್ಬರು ಅನ್ನೋ ಕಾವಲೇ ಮುರಿಯುತ್ತದೆ. ನಾಳೆ ಏನಾದರೂ ಆದರೆ ಐಡಿ ಯಾರದೋ ಅವರ ತಲೆಗೇ ಬರುತ್ತದೆ. ಅಳತೆಯ ಲೆಕ್ಕದಲ್ಲೂ ಇದರಿಂದ ದಾರಿ ತಪ್ಪುತ್ತದೆ: ಚುರುಕಾದ ಒಬ್ಬರು ಮೂವರ ಕೆಲಸ ಮಾಡಿದರೆ ಮೂವರೂ ತಯಾರು ಅಂತ ವರದಿ ಕಾಣುತ್ತದೆ. ಆ ಒಬ್ಬರು ರಜೆ ಹಾಕಿದ ದಿನ ಸತ್ಯ ಗೊತ್ತಾಗುತ್ತದೆ.

ಎಷ್ಟು ಸಲ ಅಳೆಯಬೇಕು?

ಮೂರು ಸಾಕು. ಒಂದು ತಿಂಗಳು ಮುಂಚೆ, ಆಗ ಸರಿಮಾಡಲು ಸಮಯ ಇರುತ್ತದೆ. ಒಂದು ವಾರ ಮುಂಚೆ, ತಡೆ ತೆಗೆದದ್ದು ನಿಜಾನಾ ಅಂತ ನೋಡಲು. ಆಮೇಲೆ ಆರನೇ ವಾರ. ವಾರ ವಾರ ಫಾರ್ಮ್ ಕೊಟ್ಟರೆ ಜನ ಕಣ್ಣುಮುಚ್ಚಿ 4 ಹಾಕಲು ಶುರು ಮಾಡುತ್ತಾರೆ. ಮಾರ್ಚ್ ಕೊನೆಯ ವಾರ ಮತ್ತು ಪಿಂಚಣಿ ಬಟವಾಡೆಯ ದಿನಗಳನ್ನು ಬಿಡಿ, ಆಗ ಬರುವ ಅಂಕ ಮನುಷ್ಯನದ್ದಲ್ಲ, ಆ ದಿನದ್ದು.

ಈ ಅಂಕ ಯಾರ ಕೈಗೆ ಹೋಗಬೇಕು? ಯೂನಿಯನ್‌ನವರು ಆಕ್ಷೇಪ ಮಾಡಿದರೆ?

ಆಕ್ಷೇಪ ಬರುವುದು ಸಹಜ, ಬರಲೂ ಬೇಕು. ಬ್ಯಾಂಕುಗಳ ಮತ್ತು ಯೂನಿಯನ್‌ಗಳ ನಡುವೆ ಆದ 2024ರ 12ನೇ ದ್ವಿಪಕ್ಷೀಯ ಒಪ್ಪಂದದ ನಂತರ ಕ್ಲರ್ಕ್‌ಗಳಿಗೆ ಕಸ್ಟಮರ್ ಸರ್ವೀಸ್ ಅಸೋಸಿಯೇಟ್ ಅನ್ನೋ ಹೆಸರು ಬಂದಿದೆ. ಕೆಲಸದ ಸ್ವರೂಪ ಬದಲಾಗುತ್ತಿದೆ ಅನ್ನೋ ಆತಂಕ ಮೊದಲೇ ಇದೆ. ಅಂಥ ಹೊತ್ತಿನಲ್ಲಿ "ಮನಸ್ಸು: 2" ಅಂತ ಹೆಸರಿನ ಮುಂದೆ ಬರೆದ ಕಾಗದ ವರ್ಗಾವಣೆ ಫೈಲಿಗೆ ಸೇರಿದರೆ ಮುಂದಿನ ಸಲ ಒಬ್ಬರೂ ನಿಜ ಹೇಳಲ್ಲ.

ಹಾಗಾಗಿ ಶುರುವಿಗೆ ಮುಂಚೆಯೇ ಯೂನಿಯನ್ ಪ್ರತಿನಿಧಿಯನ್ನು ಕೂರಿಸಿಕೊಂಡು ಮೂರು ವಿಷಯ ಬರವಣಿಗೆಯಲ್ಲಿ ಮಾಡಿಕೊಳ್ಳಿ. ಹೆಸರಿರುವ ಹಾಳೆ ಶಾಖೆಯಲ್ಲಿ, ಅಳತೆ ಮಾಡಿದವರ ಬಳಿಯೇ ಇರುತ್ತದೆ. ಮೇಲಿನ ಕಚೇರಿಗೆ ಹೋಗುವುದು ಯಾವ ಮೆಟ್ಟಿಲಲ್ಲಿ ಎಷ್ಟು ಜನ ಅನ್ನೋ ಎಣಿಕೆ ಮಾತ್ರ. ಪ್ರತಿಯೊಬ್ಬರೂ ತಮ್ಮ ಹಾಳೆ ನೋಡಿ, ಒಪ್ಪದಿದ್ದರೆ ಪಕ್ಕದಲ್ಲಿ ತಮ್ಮ ಮಾತು ಬರೆಯಬಹುದು. ನಾಲ್ಕೇ ಕ್ಲರ್ಕ್‌ಗಳಿರುವ ಶಾಖೆಯಲ್ಲಿ ಎಣಿಕೆಯಿಂದಲೂ ಯಾರು ಅಂತ ಊಹಿಸಿಬಿಡಬಹುದು. ಅಂಥ ಕಡೆ ಅಕ್ಕಪಕ್ಕದ ಎರಡು ಮೂರು ಶಾಖೆಗಳನ್ನು ಒಟ್ಟಿಗೆ ಸೇರಿಸಿ ಎಣಿಸಿ ಕಳಿಸಿ.